[ಪದಚರ್ಚೆ] ಲಕ್ಷ-ಕೋಟಿ ತೋರಿಸುವ ಅಲ್ಪವಿರಾಮಕ್ಕೆ ಏನನ್ನೋಣ?

ಸುಮಾ:
ಎಲ್ಲರಿಗೂ ನಮಸ್ಕಾರ. ಸಹಕಾರ ಸಂಘಗಳ ಗುಮಾಸ್ತರಿಗಾಗಿ ಒಂದು ಎಕ್ಸೆಲ್ ಕೈಪಿಡಿ ಅನುವಾದಿಸುತ್ತಿದ್ದೇನೆ, ನಾಳೆ ಮುದ್ರಣಕ್ಕೆ ಹೋಗಬೇಕು. ಮೂಲದಲ್ಲಿ ‘ಥೌಸಂಡ್ಸ್ ಸೆಪರೇಟರ್’ ಎಂದಿದೆ. ‘ಸಾವಿರ ವಿಭಜಕ’ ಎಂದು ಬರೆದರೆ, ಅದೇ ಪುಟದಲ್ಲಿ 1,23,45,678 ಎಂದು ಲಕ್ಷ, ಕೋಟಿಗೆ ಅಲ್ಪವಿರಾಮ ಹಾಕುವುದನ್ನು ಕಲಿಸುತ್ತಿರುವಾಗ ಅಸಂಬದ್ಧ ಅನಿಸುತ್ತದೆ. Ctrl+1 ಒತ್ತಿ, Number → Custom ಆರಿಸಿ, Type ಪೆಟ್ಟಿಗೆಯಲ್ಲಿ ಇದನ್ನು ಹಾಕಬೇಕಂತೆ:

```
[>=10000000]##\,##\,##\,##0;[>=100000]##\,##\,##0;##,##0
```

ಒಂದು ಪದ ಕೊಡಿ.

ಕೃಷ್ಣಮೂರ್ತಿ:
ವಿಭಜಕ ಬೇಡ. ಓದುವವರು ಭಾಗಾಕಾರದ ಭಾಜಕವನ್ನು ನೆನೆಯುತ್ತಾರೆ. ‘ಗುಂಪುಗುರುತು’ ಎನ್ನಿ, ಮುಗಿಯಿತು. ಸಂಸ್ಕೃತದ ಹಂಗಿಲ್ಲದೆ ಹೇಳಬಹುದಾದ್ದನ್ನು ಹಾಗೇ ಹೇಳಬೇಕು.

ನಾಗರತ್ನ:
ಸುಮಾ ಅವರೇ, ಒಂದೇ ಪದ ಸಾಲದು. ನೀವು ಕೊಟ್ಟ ಸಾಲಿನಲ್ಲೇ ಎರಡು ಬಗೆಯ ಅಲ್ಪವಿರಾಮಗಳಿವೆ. ಹಿಂದೆ ಓರೆಗೆರೆ ಇರುವ `\,` ಬರೀ ಅಚ್ಚಾಗುವ ಅಕ್ಷರ. ಇಟ್ಟ ಜಾಗದಲ್ಲಿ ಅದು ಬಂದೇ ಬರುತ್ತದೆ, ಅಂಕಿ ಇರಲಿ ಬಿಡಲಿ. ಅದಕ್ಕೇ ಮೂರು ತುಂಡು ಬೇಕಾಗಿರುವುದು: ಲಕ್ಷದ ತುಂಡೊಂದನ್ನೇ ಎಲ್ಲ ಮೊತ್ತಕ್ಕೂ ಹಾಕಿದರೆ 4567 ಎನ್ನುವುದು `,4,567` ಎಂದು ಕಾಣುತ್ತದೆ. ಕೊನೆಯ ತುಂಡಿನಲ್ಲಿ ಓರೆಗೆರೆ ಇಲ್ಲದ ಅಲ್ಪವಿರಾಮವಿದೆ. ಅದು ಗುಂಪು ಮಾಡು ಎಂಬ ಆಜ್ಞೆ. ಎಷ್ಟೆಷ್ಟು ಅಂಕಿಗೆ ಎಂಬುದನ್ನು ವಿಂಡೋಸ್‌ನ Region ವಿಭಾಗದಲ್ಲಿರುವ Digit grouping ತೀರ್ಮಾನಿಸುತ್ತದೆ. ಅಲ್ಲಿ 12,34,56,789 ಆರಿಸಿದ್ದರೆ ಬರೀ `#,##0` ಸಾಕು, ಈ ಉದ್ದ ಸಾಲೇ ಬೇಡ. ಆದರೆ ಆ ಏರ್ಪಾಡು ಕಡತದ ಜೊತೆ ಹೋಗುವುದಿಲ್ಲ. ಅದೇ ಹಾಳೆ ಬೇರೆ ಏರ್ಪಾಡಿನ ಯಂತ್ರದಲ್ಲಿ 12,345,678 ಎಂದು ತೆರೆದುಕೊಳ್ಳುತ್ತದೆ. ಉದ್ದ ಸಾಲು ಕಡತದೊಳಗೇ ಇರುತ್ತದೆ.

ಮೊದಲನೆಯದಕ್ಕೆ ‘ಅಚ್ಚಿನ ಅಲ್ಪವಿರಾಮ’, ಎರಡನೆಯದಕ್ಕೆ ‘ಗುಂಪಿನ ಅಲ್ಪವಿರಾಮ’ ಎಂದು ಬರೆಯಿರಿ. ಗುಮಾಸ್ತರಿಗೆ ತಿಳಿಯುತ್ತದೆ.

ಪ್ರಕಾಶ್:
ಇಷ್ಟೆಲ್ಲ ಯಾಕೆ ಮೇಡಂ? ನಮ್ಮ ಆಫೀಸಿನ ವರದಿಗಳಲ್ಲಿ ಮೊತ್ತವನ್ನು ‘ರೂ. ಲಕ್ಷಗಳಲ್ಲಿ’ ತೋರಿಸುತ್ತೇವೆ. ಕೊನೆಗೆ ಎರಡು ಕಾಮಾ ಹಾಕಿದರೆ ಎಕ್ಸೆಲ್ಲೇ ಲಕ್ಷಕ್ಕೆ ಇಳಿಸುತ್ತದೆ.

ನಾಗರತ್ನ:
ಇಲ್ಲ ಸರ್. ಕೊನೆಯ ಅಲ್ಪವಿರಾಮ ಮೊತ್ತವನ್ನು ತೋರಿಸುವಾಗ ಸಾವಿರದಿಂದ ಭಾಗಿಸುತ್ತದೆ. ಎರಡು ಹಾಕಿದರೆ ಹತ್ತು ಲಕ್ಷದಿಂದ ಭಾಗಿಸಿದಂತೆ. ನೀವು 123 ಎಂದುಕೊಂಡಲ್ಲಿ 12 ಬರುತ್ತದೆ, ಶೀರ್ಷಿಕೆ ಮಾತ್ರ ‘ಲಕ್ಷಗಳಲ್ಲಿ’ ಎನ್ನುತ್ತಿರುತ್ತದೆ. ಸಾವಿರದ ಲೆಕ್ಕದಲ್ಲಿ ಲಕ್ಷ ನೇರವಾಗಿ ಸಿಗುವುದಿಲ್ಲ. ಒಮ್ಮೆ ಭಾಗಿಸಿ, ಉಳಿದ ಎರಡು ಸೊನ್ನೆಯಷ್ಟು ದೂರದಲ್ಲಿ ಚುಕ್ಕಿಯನ್ನು ಅಕ್ಷರವಾಗಿ ಇಡಬೇಕು:

```
0\.00," ಲಕ್ಷ"
```

1,23,45,678 ಸಾವಿರಕ್ಕೆ ಇಳಿದಾಗ 12346 ಆಗುತ್ತದೆ, ಚುಕ್ಕಿ ಬಿದ್ದ ಮೇಲೆ 123.46 ಲಕ್ಷ. ಕೋಟಿಗೆ `0\.0000," ಕೋಟಿ"` ಹಾಕಿದರೆ 1.2346 ಕೋಟಿ. ಕೋಟಿಗೆ ಎರಡೇ ದಶಮಾಂಶ ಬೇಕಾದರೆ ಈ ದಾರಿ ಒಗ್ಗುವುದಿಲ್ಲ. ಬೇರೆ ಕೋಶದಲ್ಲಿ 10000000ದಿಂದ ಭಾಗಿಸುವುದೇ ಸರಿ.

ಸುಮಾ:
ಹಾಗಾದರೆ ಇದು ಮೂರನೆಯ ಅಲ್ಪವಿರಾಮ! ಇದಕ್ಕೇನು ಹೆಸರು?

ಕೃಷ್ಣಮೂರ್ತಿ:
‘ಇಳಿಕೆಗುರುತು’. ಅಲ್ಪವಿರಾಮವೆಂಬ ಪದವನ್ನೇ ಬಿಡಿ, ಅದು ವ್ಯಾಕರಣದ ನಿಲುಗಡೆ. ಲೆಕ್ಕದಲ್ಲಿ ಯಾರೂ ಉಸಿರು ಎಳೆದುಕೊಳ್ಳಲು ನಿಲ್ಲುವುದಿಲ್ಲ.

ಪ್ರಕಾಶ್:
ಸಂಸ್ಕೃತ ಬೇಡವೆಂದರೆ ಲಕ್ಷ, ಕೋಟಿಯನ್ನೂ ಬಿಡುತ್ತೀರಾ ರಾಯರೇ? ಸಾವಿರ ಮಾತ್ರ ಅಚ್ಚಗನ್ನಡ, ಅದಕ್ಕೊಂದೇ ಗುರುತು ಸಾಕೆನ್ನಬೇಕಾಗುತ್ತದೆ.

ಕೃಷ್ಣಮೂರ್ತಿ:
ಸಾವಿರವೂ ಸಹಸ್ರದಿಂದ ಬಂದದ್ದೇ, ನಡುವೆ ‘ಸಾಸಿರ’ ಇದೆ. ತದ್ಭವವಾಗಿ ನಾಲಿಗೆಗೆ ಒಗ್ಗಿದ್ದನ್ನು ನಾನು ಬೇಡವೆಂದಿಲ್ಲ. ಇವತ್ತು ಹೊಸದಾಗಿ ಕಟ್ಟುವ ಪದದ ಮಾತು ನಾನಾಡುತ್ತಿರುವುದು.

ನಾಗರತ್ನ:
‘ಇಳಿಕೆಗುರುತು’ ಎಂದರೆ ಬೆಲೆ ಇಳಿಕೆ ಎಂದುಕೊಳ್ಳುತ್ತಾರೆ, ನನಗೆ ಒಪ್ಪಿಗೆಯಿಲ್ಲ. ‘ಕೊನೆಯ ಅಲ್ಪವಿರಾಮ’ ಎಂದರೆ ಅದು ಕೂರುವ ಜಾಗವಾದರೂ ಗೊತ್ತಾಗುತ್ತದೆ.

ಸುಮಾ ಅವರೇ, ಪದ ಯಾವುದೇ ಆಗಲಿ, ಮುದ್ರಣಕ್ಕೆ ಮೊದಲು ಆ ಸಾಲನ್ನು ತಿದ್ದಿ. ಷರತ್ತು ನೋಡುವುದು ಕೋಶದಲ್ಲಿರುವ ನಿಜವಾದ ಮೊತ್ತವನ್ನು, ಕಣ್ಣಿಗೆ ಕಾಣುವ ಪೂರ್ಣಾಂಕವನ್ನಲ್ಲ. 99999.60 ಲಕ್ಷಕ್ಕಿಂತ ಕಡಿಮೆಯಾದ್ದರಿಂದ ಕೊನೆಯ ತುಂಡಿಗೆ ಬೀಳುತ್ತದೆ, ಅಲ್ಲಿ ಪೂರ್ಣವಾಗಿ 100,000 ಎಂದು ತೋರುತ್ತದೆ. ಬಡ್ಡಿ ಲೆಕ್ಕದ ಕಾಲಂನಲ್ಲಿ ಪೈಸೆ ಇದ್ದೇ ಇರುತ್ತದೆ. ಹೀಗೆ ಬದಲಿಸಿ:

```
[>=9999999.5]##\,##\,##\,##0;[>=99999.5]##\,##\,##0;##,##0
```

ಷರತ್ತುಗಳಿಗೆ ಎರಡೇ ಜಾಗ, ಎರಡೂ ತುಂಬಿವೆ. ಹಾಗಾಗಿ ನಷ್ಟದ ಮೊತ್ತಗಳೆಲ್ಲ ಮೂರನೆಯ ತುಂಡಿಗೆ ಹೋಗಿ -12,345,678 ಎಂದೇ ಕಾಣುತ್ತವೆ. ಅಂಥ ಹಾಳೆಗೆ Digit grouping ಬದಲಿಸಲು ಹೇಳಿ.

ಸುಮಾ:
ಸಾಲು ತಿದ್ದಿದೆ, ನಷ್ಟದ ಸೂಚನೆಯನ್ನೂ ಸೇರಿಸಿದೆ. ಅಚ್ಚಿನದು, ಗುಂಪಿನದು, ಕೊನೆಯದು ಎಂದೇ ಹಾಕುತ್ತಿದ್ದೇನೆ.

ಕೃಷ್ಣಮೂರ್ತಿ:
ಅವು ವಿವರಣೆಗಳು, ಪದಗಳಲ್ಲ. ಎರಡನೇ ಮುದ್ರಣಕ್ಕಾದರೂ ‘ಗುಂಪುಗುರುತು’ ಹಾಕಿ.