ಸಹಾಯ ಬೇಕು: ಟ್ಯೂಷನ್ ಕೇಂದ್ರದ ಕರಪತ್ರದಲ್ಲಿ ‘ಮೆಂಟರ್’ಗೆ ಯಾವ ಪದ?

ಟ್ಯೂಷನ್ ಕೇಂದ್ರವೊಂದರ ಇಂಗ್ಲಿಷ್ ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇವೆ. ಅದರಲ್ಲಿ ಇನ್‌ಸ್ಟ್ರಕ್ಟ್, ಟ್ಯೂಟರ್, ಕೋಚ್, ಮೆಂಟರ್ ನಾಲ್ಕೂ ಬೇರೆ ಬೇರೆ ಸೇವೆಗಳು, ಶುಲ್ಕವೂ ಬೇರೆ. ಕರಡಿನಲ್ಲಿ ಎಲ್ಲಕ್ಕೂ ‘ಕಲಿಸುತ್ತೇವೆ’ ಎಂದಿರುವುದರಿಂದ ಪೋಷಕರಿಗೆ ಯಾವುದಕ್ಕೆ ಎಷ್ಟು ಕೊಡುತ್ತಿದ್ದೇವೆ ಎಂಬುದೇ ತಿಳಿಯದು.

ಮೂರು ಒಂದು ಹಂತಕ್ಕೆ ಬಂದಿವೆ. ತರಗತಿಯಲ್ಲಿ ಎಲ್ಲರಿಗೂ ಒಟ್ಟಿಗೆ ನಡೆಯುವುದಕ್ಕೆ ‘ಬೋಧನೆ’. (ನಿಘಂಟು ನೋಡಿ ‘ಸೂಚನೆ ನೀಡುತ್ತೇವೆ’ ಎಂದು ಬರೆದರೆ ಆಜ್ಞೆ ಹೊರಡಿಸಿದಂತಾಗುತ್ತದೆ.) ಒಬ್ಬೊಬ್ಬರನ್ನೇ ಕೂರಿಸಿಕೊಂಡು ಅರ್ಥವಾಗದ್ದನ್ನು ಬಿಡಿಸುವುದಕ್ಕೆ ‘ಪಾಠ ಹೇಳಿಕೊಡುವುದು’. ಕೋಚಿಂಗ್‌ಗೆ ‘ತರಬೇತಿ’, ಆದರೆ ವಿಭಕ್ತಿ ತಪ್ಪಬಾರದು: ‘ಗಣಿತದ ತರಬೇತಿ’ ಎಂದರೆ ವಿಷಯ ಕಲಿಸುವುದು ಎನಿಸುತ್ತದೆ, ‘ಪ್ರವೇಶ ಪರೀಕ್ಷೆಗೆ ತರಬೇತಿ’ ಎಂದರೆ ಗುರಿ, ಅಭ್ಯಾಸ, ಸಮಯದ ಹಿಡಿತ ಎಲ್ಲವೂ ಹೊಳೆಯುತ್ತದೆ.

ಸಿಕ್ಕಿಕೊಂಡಿರುವುದು ನಾಲ್ಕನೆಯದು. ಇಲ್ಲಿ ಮೆಂಟರ್ ಪಾಠ ಮಾಡುವುದಿಲ್ಲ. ವಾರಕ್ಕೊಮ್ಮೆ ವಿದ್ಯಾರ್ಥಿಯ ಜೊತೆ ಕೂತು ಓದಿನ ಯೋಜನೆ, ಹಿಂದುಳಿದ ಅಧ್ಯಾಯ, ಅಂಜಿಕೆ ಎಲ್ಲವನ್ನೂ ವಿಚಾರಿಸುತ್ತಾರೆ. ‘ಮಾರ್ಗದರ್ಶನ’ ಎಂದರೆ ಪಾಠದ ಗೈಡ್ ಪುಸ್ತಕವೋ ಒಂದು ದಿನದ ಸಲಹಾ ಶಿಬಿರವೋ ಎನ್ನುವಷ್ಟು ಆ ಪದ ಸವೆದಿದೆ. ‘ಗುರು’ ತೀರಾ ಭಾರ. ಸದ್ಯಕ್ಕೆ ಬರೆದಿರುವ ಸಾಲು ಇದು: ‘ಪ್ರತಿ ವಿದ್ಯಾರ್ಥಿಗೂ ಒಬ್ಬ ಮಾರ್ಗದರ್ಶಕರು, ವಾರಕ್ಕೊಮ್ಮೆ ಭೇಟಿ, ವರ್ಷವಿಡೀ ಅವರೇ.’

ಇಷ್ಟು ವಿವರಣೆಯಿಲ್ಲದೆ ಒಂದೇ ಪದದಲ್ಲಿ, ಶೀರ್ಷಿಕೆಗೆ ಹೊಂದುವಂತೆ ಹೇಳಬಹುದೇ? ಅಥವಾ ‘ಮೆಂಟರ್’ ಎಂದೇ ಬಿಡುವುದು ಮೇಲೋ? ಪೋಷಕರ ಬಾಯಲ್ಲಿ ನಿಜವಾಗಿ ಕೇಳಿದ ಪದವಿದ್ದರೆ ಅದನ್ನೇ ತಿಳಿಸಿ.