ಸಣ್ಣ ಕಂಡೆನ್ಸರ್ ಮೈಕಿಗೆ 10 ಕೆ ಹಾಕಿದ್ದೇನೆ, ಚೆಂಡೆ ಒಡೆಯುತ್ತದೆ

ಕುಂಬಳೆಯಿಂದ, ಕೇಳಿದವರು: ನಮ್ಮಲ್ಲಿ ತಿಂಗಳಿಗೊಮ್ಮೆ ತಾಳಮದ್ದಳೆ ಉಂಟು. ರೆಕಾರ್ಡ್ ಮಾಡಲಿಕ್ಕೆ ಹಳೆ ಫೋನಿನಿಂದ ಅಂಗಿಗುಂಡಿಯಷ್ಟು ದೊಡ್ಡ ಮೈಕ್ ಕಿತ್ತೆ. ಎರಡು ಪೆನ್ಸಿಲ್ ಸೆಲ್, ಒಂದು 10 ಕೆ ರೆಸಿಸ್ಟರ್, ನಡುವೆ ಕೆಪಾಸಿಟರ್ ಇಟ್ಟು ಆಂಪ್ಲಿಫೈಯರಿಗೆ ಕೊಟ್ಟೆ. ಅರ್ಥಧಾರಿಗಳ ಸ್ವರ ಸಣ್ಣ, ಚೆಂಡೆ ಬಿದ್ದರೆ ಪರಪರ. ಇಷ್ಟು ಸಣ್ಣ ಮೈಕಿಗೆ ಸೆಲ್ ಯಾಕೆ ಬೇಕು? ಮಾಡಿ ನೋಡಿದವರು ಹೇಳಿ.

ಮಂಜೇಶ್ವರದ ವಿದ್ಯಾರ್ಥಿ: ಸೆಲ್ಲೇ ಬೇಡ ಅಣ್ಣ. ಇದು ಎಲೆಕ್ಟ್ರೆಟ್. 1962ರಲ್ಲಿ ಬೆಲ್ ಲ್ಯಾಬ್ಸಿನ ಸೆಸ್ಲರ್ ಮತ್ತು ವೆಸ್ಟ್ ಮಾಡಿದ್ದು ಅದನ್ನೇ, ಪರದೆಯಲ್ಲಿ ಚಾರ್ಜ್ ಶಾಶ್ವತವಾಗಿ ನಿಲ್ಲುವ ಹಾಗೆ. ನಾನು ಕಂಪ್ಯೂಟರಿನ ಮೈಕ್ ತೂತಿಗೆ ನೇರ ಸಿಕ್ಕಿಸಿದ್ದೇನೆ, ಸೆಲ್ ಇಲ್ಲದೆ ಚಂದ ಕೇಳ್ತದೆ.

ಕಾಸರಗೋಡಿನಲ್ಲಿ ರಿಪೇರಿ ಅಂಗಡಿ ಇದ್ದವರು: ಚಾರ್ಜಿನ ಮಾತು ಸರಿ ಮಾರಾಯ, ಸೆಲ್ ಬೇಡ ಎಂಬುದು ತಪ್ಪು. ಆ ತೂತಿಗೆ ಕಂಪ್ಯೂಟರೇ ಒಳಗಿನಿಂದ ವೋಲ್ಟೇಜ್ ಕೊಡ್ತದೆ. ಮೈಕ್ ತೆಗೆದು ಮೀಟರ್ ಹಿಡಿದು ನೋಡು.

ಪರದೆ ಅಲುಗಿದಾಗ ವೋಲ್ಟೇಜ್ ಹುಟ್ಟುವುದು ಹೌದು, ಆದರೆ ಅದರ ಹಿಂದೆ ಬಲ ಇಲ್ಲ. ಪರದೆ ಮತ್ತು ಹಿಂದಿನ ತಟ್ಟೆ ಸೇರಿದರೆ ಕೆಲವೇ ಪಿಕೋಫ್ಯಾರಡ್. ಒಂದು ಮೊಳ ವಯರ್ ಜೋಡಿಸಿದರೆ ವಯರೇ ಅದನ್ನು ನುಂಗಿಬಿಡ್ತದೆ. ಅದಕ್ಕೇ ಡಬ್ಬಿಯೊಳಗೆ, ತಟ್ಟೆಗೆ ತಾಗಿಸಿ, ಒಂದು ಫೆಟ್ ಟ್ರಾನ್ಸಿಸ್ಟರ್ ಕೂರಿಸುವುದು. ತೋಟದ ಪೈಪಿನ ಗೇಟ್‌ವಾಲ್ವ್ ಅಂತ ತಿಳಿಯಿರಿ. ಪರದೆ ವಾಲ್ವನ್ನು ತಿರುಗಿಸುವುದು ಮಾತ್ರ, ನೀರು ಬರಬೇಕಾದ್ದು ನಿಮ್ಮ ಸೆಲ್ಲಿನಿಂದ.

ಮತ್ತೆ ಫೆಟ್ ಹೊರಗೆ ಕೊಡುವುದು ವೋಲ್ಟೇಜ್ ಅಲ್ಲ, ತಾನು ಎಳೆಯುವ ಕರೆಂಟನ್ನು ಹೆಚ್ಚುಕಮ್ಮಿ ಮಾಡ್ತದೆ ಅಷ್ಟೆ. ಆ ಏರಿಳಿತ ವೋಲ್ಟೇಜ್ ಆಗುವುದು ರೆಸಿಸ್ಟರಿನಲ್ಲಿ. ರೆಸಿಸ್ಟರ್ ತೆಗೆದು ಸೆಲ್ಲಿಗೆ ನೇರ ಕೊಟ್ಟರೆ ಫೆಟ್ ಕೆಲಸ ಮಾಡ್ತದೆ, ಆದರೆ ಸೆಲ್ 3 ವೋಲ್ಟನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ನಿಮಗೆ ಎಂತದೂ ಕೇಳುವುದಿಲ್ಲ.

ಈಗ ಮೈಕಿನ ಎರಡು ಕಾಲಿನ ನಡುವೆ ಎಷ್ಟು ವೋಲ್ಟ್ ಉಂಟು ಹೇಳಿ. ಡಬ್ಬಿಗೆ ತಾಗಿದ ಕಾಲು ಮೈನಸ್ಸಿಗೆ ತಾನೇ?

ಹೊಸಂಗಡಿಯ ಸೌಂಡ್ಸ್‌ನವರು: ಮೈಕಿನ ಸುದ್ದಿ ಬಂತಲ್ಲ, ನನ್ನದೂ ಕೇಳಿ. ಒಂದು ಮದುವೆಯಲ್ಲಿ ಇಂಥದ್ದೇ ಕಾಲರ್ ಮೈಕನ್ನು ಮಿಕ್ಸರಿಗೆ ನೇರ ಬೆಸುಗೆ ಮಾಡಿ ಫ್ಯಾಂಟಮ್ ಒತ್ತಿದೆ, 48 ವೋಲ್ಟ್. ಒಂದು ಸಲ ಟಪ್ ಅಂದದ್ದು ಮತ್ತೆ ಏಳಲೇ ಇಲ್ಲ. ವೋಲ್ಟೇಜ್ ಹೆಚ್ಚಾದಷ್ಟು ಒಳ್ಳೆಯದು ಅಂತ ಮಾತ್ರ ಯಾರೂ ಹೇಳಬೇಡಿ.

ಕೇಳಿದವರು: ಮೈನಸ್ ಸರಿ ಉಂಟು. ಮೀಟರ್ ತೋರಿಸಿದ್ದು 0.2 ವೋಲ್ಟ್.

ರಿಪೇರಿ ಅಂಗಡಿಯವರು: ಹಾಗಾದರೆ ಕಳ್ಳ ಸಿಕ್ಕಿದ. 3ರಲ್ಲಿ 2.8 ವೋಲ್ಟ್ ರೆಸಿಸ್ಟರೇ ತಿಂದಿದೆ. 2.8ನ್ನು 10 ಕೆಯಿಂದ ಭಾಗಿಸಿದರೆ 0.28 ಮಿಲಿಆಂಪ್. ನಿಮ್ಮ ಫೆಟ್ ಇನ್ನೂ ಸ್ವಲ್ಪ ಎಳೆಯುತ್ತಿತ್ತು, ರೆಸಿಸ್ಟರ್ ಬಿಡಲಿಲ್ಲ. 0.2 ವೋಲ್ಟಿನಲ್ಲಿ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ, ಅದಕ್ಕೇ ಸ್ವರ ಸಣ್ಣ. ಚೆಂಡೆ ಬಿದ್ದಾಗ ವೋಲ್ಟೇಜ್ ಇಳಿಯಲಿಕ್ಕೆ ಜಾಗವೂ ಇಲ್ಲ, ಅದಕ್ಕೇ ಪರಪರ. 2.2 ಕೆ ಹಾಕಿ ಅಳೆಯಿರಿ.

ಮಂಜೇಶ್ವರದ ವಿದ್ಯಾರ್ಥಿ: ಆದರೆ ಸರ್, ರೆಸಿಸ್ಟರ್ ದೊಡ್ಡದಾದರೆ ಸ್ವರವೂ ದೊಡ್ಡದಾಗಬೇಕಲ್ಲ?

ರಿಪೇರಿ ಅಂಗಡಿಯವರು: ಆಗ್ತದೆ, ಫೆಟ್ಟಿಗೆ ಉಸಿರಾಡುವಷ್ಟು ವೋಲ್ಟ್ ಉಳಿದರೆ. ಇದೇ 10 ಕೆಯನ್ನು 9 ವೋಲ್ಟಿನ ಬ್ಯಾಟರಿಗೆ ಹಾಕಿದರೆ ರೆಸಿಸ್ಟರ್ ಮೂರೂವರೆ ತಿಂದರೂ ಮೈಕಿಗೆ ಐದೂವರೆ ಉಳಿಯುತ್ತದೆ, 2.2 ಕೆಗಿಂತ ಜೋರಾಗಿಯೇ ಕೇಳ್ತದೆ. ಇವರು ಎಲ್ಲಿಯಾದರೂ ಸರ್ಕ್ಯೂಟ್ ನೋಡಿ 10 ಕೆ ಹಾಕಿದ್ದಾದರೆ ಅದು ಬಹುಶಃ 9 ವೋಲ್ಟಿನದ್ದು.

ಕೇಳಿದವರು: 2.2 ಕೆ ಹಾಕಿದೆ. ಈಗ ಮೈಕಿನಲ್ಲಿ 2.2 ವೋಲ್ಟ್. ಚೆಂಡೆ ಒಡೆಯುವುದಿಲ್ಲ! ಲೆಕ್ಕ ಹಾಕಿದರೆ 0.36 ಮಿಲಿಆಂಪ್ ಬರ್ತದೆ. ಆದರೆ ಸೆಲ್ ಬದಲು ಮೊಬೈಲ್ ಚಾರ್ಜರಿನ 5 ವೋಲ್ಟ್ ಕೊಟ್ಟರೆ ಕುಂಯ್ ಅಂತ ಒಂದು ಸದ್ದು.

ರಿಪೇರಿ ಅಂಗಡಿಯವರು: ಚಾರ್ಜರಿನ ಕೊಳೆ ಆ ರೆಸಿಸ್ಟರಿನಲ್ಲೇ ಇಳಿದು ನೇರ ಸ್ವರದ ತುದಿಗೆ ಬರ್ತದೆ, ತಡೆಯುವವರು ಯಾರೂ ಇಲ್ಲ. 5 ವೋಲ್ಟಿನಿಂದ ಮೊದಲು 1 ಕೆ, ಅಲ್ಲಿಂದ ಗ್ರೌಂಡಿಗೆ 100 ಮೈಕ್ರೋಫ್ಯಾರಡ್, ಆಮೇಲೆ ನಿಮ್ಮ 2.2 ಕೆ. ಕೆಪಾಸಿಟರನ್ನು ಮೈಕಿನ ಕಾಲಿಗೇ ಹಾಕಬೇಡಿ, ಸ್ವರವೂ ಗ್ರೌಂಡಿಗೆ ಹೋಗ್ತದೆ. ಬೆಸುಗೆ ಎರಡೇ ಸೆಕೆಂಡ್, ಬಿಸಿ ಹೆಚ್ಚಾದರೆ ಪರದೆಯ ಚಾರ್ಜೇ ಹೋದೀತು.

ಕೇಳಿದವರು: ಮಾಡಿದೆ. ಮುಕ್ಕಾಲು ಹೋಯಿತು. ಆಂಪ್ಲಿಫೈಯರಿಗೂ ಅದೇ ಚಾರ್ಜರ್ ಕೊಟ್ಟರೆ ಮಾತ್ರ ಸಣ್ಣಗೆ ಕುಂಯ್ ಉಂಟು.

ಹೊಸಂಗಡಿಯ ಸೌಂಡ್ಸ್‌ನವರು: ಅದು ಗ್ರೌಂಡ್ ವಯರಿನ ದಾರಿ ಇರಬೇಕು. ಅಥವಾ ಚಾರ್ಜರೇ ಕಳಪೆ. ತಾಳಮದ್ದಳೆಗೆ ಸೆಲ್ಲೇ ಇರಲಿ ಮಾರಾಯ್ರೆ.