ಇಮೇಲ್ ಅಡಿಬರಹ: ‘ಗೌಪ್ಯ’ವೋ ‘ಗೋಪ್ಯ’ವೋ? ‘ಡಿಸ್ಕ್ಲೇಮರ್’ಗೆ ಏನನ್ನೋಣ?

ಸುಮಾ: ನಮಸ್ಕಾರ. ಒಂದು ಬಿಡಿಭಾಗದ ಕಂಪನಿ ದರಪಟ್ಟಿ ಕಳಿಸುವ ಇಮೇಲಿನ ಅಡಿಬರಹ ನಾಳೆ ಬೆಳಿಗ್ಗೆಗೆ ಕನ್ನಡದಲ್ಲಿ ಬೇಕು. ಇಲ್ಲಿಯವರೆಗೆ ಹೀಗಿದೆ: ‘ಈ ಮಿಂಚಂಚೆಯು ಗೌಪ್ಯ ಮಾಹಿತಿಯನ್ನು ಒಳಗೊಂಡಿದ್ದು ಉದ್ದೇಶಿತ ಸ್ವೀಕೃತಿದಾರರಿಗೆ ಮಾತ್ರ ಮೀಸಲಾಗಿರುತ್ತದೆ.’ ಓದುವಾಗ ನನಗೇ ಉಸಿರು ಕಟ್ಟುತ್ತದೆ. ಅದರ ತಲೆಬರಹದಲ್ಲಿ ‘ಡಿಸ್ಕ್ಲೇಮರ್’ಗೆ ‘ಹಕ್ಕು ನಿರಾಕರಣೆ’ ನಡೆಯುತ್ತದಾ?

ಶ್ರೀಪಾದ: ‘ಗೌಪ್ಯ’ ತಪ್ಪು. ‘ಗುಪ್’ ಧಾತುವಿನಿಂದ ‘ಗೋಪ್ಯ’, ಅದರಿಂದ ‘ಗೋಪ್ಯತೆ’. ‘ಗೌಪ್ಯತೆ’ ಅನ್ನುವುದು ‘ಸೌಂದರ್ಯತೆ’ಯಂಥದೇ ತಪ್ಪು. ಮಂತ್ರಿಗಳ ಪ್ರಮಾಣವಚನದ ಸುದ್ದಿಯಲ್ಲಿ ದಿನಾ ಓದಿದರೂ ತಪ್ಪು ತಪ್ಪೇ.

ಮಂಜುನಾಥ: ಸಂಸ್ಕೃತದ ಒಂದು ರೂಪ ಬಿಟ್ಟು ಇನ್ನೊಂದು ಯಾಕೆ ಸಾರ್? ‘ಗುಟ್ಟು’ ಇಲ್ವಾ?

ಶ್ರೀಪಾದ: ಗುಟ್ಟು ಮನೆಯದು. ದರಪಟ್ಟಿಗೆ ಒಗ್ಗದು.

ಲತಾ: ಜಗಳ ಆಮೇಲೆ ಆಡಿ. ನಾನು ವಕೀಲಿ ಮಾಡುವವಳು, ಈ ಸಾಲುಗಳನ್ನು ದಿನವೂ ನೋಡುತ್ತೇನೆ. ಸುಮಾ ಅವರೇ, ‘ಹಕ್ಕು ನಿರಾಕರಣೆ’ ಬೇಡ. ಕಂಪನಿ ಕೈಬಿಡುತ್ತಿರುವುದು ಹಕ್ಕನ್ನಲ್ಲ, ಹೊಣೆಯನ್ನು.

ಇನ್ನು ಆ ಸಾಲಿನ ಬಲ ಎಷ್ಟು ಅಂದರೆ, ತಪ್ಪಿ ಬಂದ ಪತ್ರದ ಕೊನೆಯಲ್ಲಿ ‘ಅಳಿಸದಿದ್ದರೆ ಕಾನೂನು ಕ್ರಮ’ ಅಂತ ಬರೆದ ಮಾತ್ರಕ್ಕೆ ಓದಿದವರು ಕಟ್ಟುಬೀಳುವುದಿಲ್ಲ. ಅವರು ಏನನ್ನೂ ಒಪ್ಪಿಕೊಂಡಿಲ್ಲವಲ್ಲ. ಗುಟ್ಟು ಕಾಯುವ ಬಾಧ್ಯತೆ ಬರುವುದು ಮೊದಲೇ ಸಹಿ ಹಾಕಿದ ಕರಾರಿನಿಂದ, ಇಲ್ಲವೇ ವಕೀಲ ಮತ್ತು ಕಕ್ಷಿದಾರರಂಥ ಸಂಬಂಧದಿಂದ. ‘ಇದು ಗೋಪ್ಯ ಅಂತ ನನಗೆ ಗೊತ್ತಿರಲಿಲ್ಲ’ ಅನ್ನುವವರ ಬಾಯಿ ಕಟ್ಟಲು ಈ ಸಾಲು ಸ್ವಲ್ಪ ನೆರವಾಗುತ್ತದೆ. ಆದರೆ ಊಟದ ಕರೆಗೂ ಅದನ್ನೇ ಅಂಟಿಸಿದರೆ ಆ ನೆರವೂ ಹೋಗುತ್ತದೆ. ಯಾವುದು ನಿಜವಾಗಿ ಗೋಪ್ಯ ಅಂತ ಓದುವವರಿಗೆ ತಿಳಿಯುವುದು ಹೇಗೆ? ಅದಕ್ಕೇ ಬೇಕಾದ ಪತ್ರಕ್ಕೆ ಮಾತ್ರ ಹಾಕಿ. ಅದೂ ಮೇಲುಗಡೆ, ಮೊದಲ ಸಾಲಿನಲ್ಲೇ.

ರಫೀಕ್: ನಮ್ಮ ಅಂಗಡಿಯ ದರಪಟ್ಟಿ ಒಮ್ಮೆ ಎದುರಾಳಿಗೇ ಹೋಗಿತ್ತು. ಮೂರು ಅಕ್ಷರ ಒತ್ತುವಷ್ಟರಲ್ಲಿ ವಿಳಾಸ ತಾನಾಗೇ ತುಂಬಿಕೊಂಡಿತು. ಅಡಿಯಲ್ಲಿ ಹನ್ನೊಂದು ಸಾಲಿನ ಎಚ್ಚರಿಕೆ ಇತ್ತು, ಅವರು ಅಲ್ಲಿವರೆಗೆ ಓದೇ ಇರಲಿಲ್ಲ. ಫೋನ್ ಮಾಡಿ ಕೇಳಿಕೊಂಡ ಮೇಲೆ ಅಳಿಸಿದರು. ಆದರೂ ಅಡಿಬರಹ ಕಾನೂನಿನಲ್ಲಿ ಕಡ್ಡಾಯ ಅಲ್ವಾ ಮೇಡಂ?

ಲತಾ: ಕಡ್ಡಾಯ ಇರುವುದು ಬೇರೆ. 2013ರ ಕಂಪನಿ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ವ್ಯವಹಾರ ಪತ್ರದಲ್ಲಿ ಕಂಪನಿಯ ಹೆಸರು, ನೋಂದಾಯಿತ ಕಚೇರಿಯ ವಿಳಾಸ, ಸಿಐಎನ್ ಅನ್ನುವ ಕಂಪನಿಯ ಗುರುತಿನ ಸಂಖ್ಯೆ, ಫೋನ್, ಇಮೇಲ್ ಇರಬೇಕು. ಇಮೇಲನ್ನೂ ವ್ಯವಹಾರ ಪತ್ರ ಅಂತಲೇ ಎಣಿಸಿ ಇವನ್ನು ಹಾಕುವುದು ಕ್ಷೇಮ. ಗೋಪ್ಯತೆಯ ಮಾತು ಆ ಸೆಕ್ಷನ್ನಿನಲ್ಲಿ ಇಲ್ಲ.

ಸುಮಾ: ಹಾಗಾದರೆ ಹೀಗೆ ಬರೆಯುತ್ತೇನೆ: ‘ಈ ಪತ್ರದಲ್ಲಿರುವ ದರಗಳು ಗೋಪ್ಯ. ಇದು ತಪ್ಪಿ ನಿಮಗೆ ಬಂದಿದ್ದರೆ ದಯವಿಟ್ಟು ನಮಗೆ ತಿಳಿಸಿ, ಅಳಿಸಿಬಿಡಿ.’ ‘ಉದ್ದೇಶಿತ ಸ್ವೀಕೃತಿದಾರ’ರ ಅಗತ್ಯವೇ ಬೀಳಲಿಲ್ಲ. ತಲೆಬರಹ ಮಾತ್ರ ಉಳಿಯಿತು.

ಲತಾ: ತಲೆಬರಹವೇ ಬೇಡ.

ಮಂಜುನಾಥ: ಬೇಕೇ ಬೇಕು ಅಂದರೆ ‘ಹೊಣೆಯ ಮಿತಿ’. ‘ನಿರಾಕರಣೆ’ ಅಂದರೆ ಬಾಗಿಲು ಹಾಕಿದ ಹಾಗಿರುತ್ತದೆ.

ಶ್ರೀಪಾದ: ‘ಮಿತಿ’ಯೂ ಸಂಸ್ಕೃತವೇ.